ಭಾನುವಾರದ ಕುರ್ಚಿಗೆ ಎಷ್ಟು?

ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ಪುಟ್ಟ ಬ್ಯೂಟಿ ಪಾರ್ಲರ್ ಇದೆ. ಮೂರು ಕುರ್ಚಿ, ಮೂರು ಕನ್ನಡಿ, ಕೆಲಸಕ್ಕೆ ಇಬ್ಬರು ಹುಡುಗಿಯರು, ಮೂರನೆಯವಳು ನಾನು. ಹದಿನಾಲ್ಕು ವರ್ಷದಿಂದ ನಡೆಸುತ್ತಿದ್ದೇನೆ. ಅಂದಿನಿಂದ ಇಂದಿನವರೆಗೆ ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ಮಾಡಿಸಿಕೊಂಡರು ಎಂದು ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುವುದು ನನ್ನ ಅಭ್ಯಾಸ. ಮನೆಯವರು ಇದನ್ನು 'ಚಿತ್ರಗುಪ್ತನ ಪುಸ್ತಕ' ಎಂದು ತಮಾಷೆ ಮಾಡುತ್ತಾರೆ. ಆ ಪುಸ್ತಕ ಹೋದ ವರ್ಷ ನನಗೆ ದೊಡ್ಡ ಪಾಠ ಕಲಿಸಿತು.

ಪಾರ್ಲರಿನ ವಾರ ಹೇಗಿರುತ್ತದೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಹಗಲೆಲ್ಲ ನಾವು ಮೂವರೂ ಟವೆಲ್ ಮಡಿಸುತ್ತ, ಬಾಚಣಿಗೆ ತೊಳೆಯುತ್ತ ಕೂತಿರುತ್ತೇವೆ. ಸಂಜೆ ಐದಾದರೆ ಆಫೀಸು ಮುಗಿಸಿದವರು ಒಬ್ಬೊಬ್ಬರಾಗಿ ಬರುತ್ತಾರೆ. ಮಂಗಳವಾರವಂತೂ ಕೇಳುವುದೇ ಬೇಡ. ನಮ್ಮ ಕಡೆ ಮಂಗಳವಾರ ಕೂದಲಿಗೆ ಕತ್ತರಿ ಹಾಕುವುದಿಲ್ಲ. ಗಂಡಸರ ಕ್ಷೌರದಂಗಡಿಗಳೂ ಅವತ್ತು ಬಾಗಿಲು ಹಾಕಿರುತ್ತವೆ. ಶುಕ್ರವಾರವೂ ಹಲವರು ಬೇಡವೆನ್ನುತ್ತಾರೆ. ಶನಿವಾರ ಮಧ್ಯಾಹ್ನವಾಗುತ್ತಿದ್ದಂತೆ ಕಟ್ಟೆ ಒಡೆದ ಹಾಗೆ ಜನ. ಭಾನುವಾರ ನಮಗೆ ಊಟ ಮಾಡಲೂ ಪುರುಸೊತ್ತಿಲ್ಲ. ಸೋಫಾ ತುಂಬಿ, ಬಾಗಿಲ ಹೊರಗೆ ಚಪ್ಪಲಿ ರಾಶಿಯಾಗಿ, ಕೆಲವರು ಕಾದು ಕಾದು ಮುಖ ಗಂಟಿಕ್ಕಿಕೊಂಡು ಎದ್ದು ಹೋಗುತ್ತಾರೆ.

ಒಂದು ಸಲ ಕೂತು ನಾಲ್ಕು ವಾರದ ಪುಟಗಳನ್ನು ಎಣಿಸಿದೆ. ಒಟ್ಟು 412 ಜನ ಬಂದಿದ್ದರು. ಅವರಲ್ಲಿ 231 ಮಂದಿ ಬರೀ ಶನಿವಾರ, ಭಾನುವಾರದವರು. ನಾಲ್ಕು ಮಂಗಳವಾರ ಸೇರಿಸಿದರೂ 22 ಮಂದಿ. ಇದಲ್ಲದೆ ಜಾಗವಿಲ್ಲವೆಂದು ವಾಪಸು ಕಳಿಸಿದವರ ಹೆಸರಿನ ಮುಂದೆ 'ಇಲ್ಲ' ಎಂದು ಬರೆಯುತ್ತೇನೆ. ಅಂಥವರು 37 ಮಂದಿ. ಎಲ್ಲರೂ ವಾರದ ಕೊನೆಯವರು, ಇಲ್ಲವೆ ಸಂಜೆಯವರು. ಬಾಡಿಗೆ, ಹುಡುಗಿಯರ ಸಂಬಳ ಏಳು ದಿನಕ್ಕೂ ಒಂದೇ. ಐದು ದಿನ ಕುರ್ಚಿ ಖಾಲಿ, ಎರಡು ದಿನ ಬಂದವರಿಗೆ ಕುರ್ಚಿಯಿಲ್ಲ.

ನಮ್ಮ ಕಸುಬಿನ ಗೆಳತಿಯೊಬ್ಬಳು ಸುಲಭದ ದಾರಿ ಹೇಳಿದಳು. "ವೀಕೆಂಡಿಗೆ, ಸಂಜೆಗೆ ಇಪ್ಪತ್ತು ಪರ್ಸೆಂಟ್ ಜಾಸ್ತಿ ಹಾಕು. ಅರ್ಜೆಂಟ್ ಇರೋರು ಕೊಡ್ತಾರೆ, ಇಲ್ಲದೋರು ಬುಧವಾರ ಬರ್ತಾರೆ. ವಿಮಾನದೋರು, ಹೋಟೆಲಿನೋರು ಎಲ್ಲಾ ಮಾಡೋದು ಅದೇ ತಾನೆ?"

ಮಾತು ಸರಿಯೆನ್ನಿಸಿತು. ಮುಂದಿನ ತಿಂಗಳ ಮೊದಲ ವಾರವೇ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ: 'ಶನಿವಾರ, ಭಾನುವಾರ ಹಾಗೂ ಪ್ರತಿದಿನ ಸಂಜೆ 5ರ ನಂತರ ಎಲ್ಲ ದರಗಳ ಮೇಲೆ 20% ಹೆಚ್ಚು.' ಐಬ್ರೋ 50 ಇದ್ದದ್ದು 60 ಆಯಿತು. ಹೇರ್ ಕಟ್ 300 ಇದ್ದದ್ದು 360. ಫೇಶಿಯಲ್ 800 ಇದ್ದದ್ದು 960.

ಮೊದಲ ತಿಂಗಳು ಗಲ್ಲಾಪೆಟ್ಟಿಗೆ ನೋಡಿ ಖುಷಿಪಟ್ಟೆ. ಯಾರೂ ಜಗಳವಾಡಲಿಲ್ಲ. ಹೊಸಬರು "ಹೌದಾ?" ಎಂದು ಹುಬ್ಬೇರಿಸಿ ಕೊಟ್ಟು ಹೋದರು. ಹಳಬರು ಏನೂ ಹೇಳಲಿಲ್ಲ. ಅವರು ಸುಮ್ಮನಿದ್ದದ್ದನ್ನು ನಾನು ಒಪ್ಪಿಗೆಯೆಂದು ತಿಳಿದೆ. ಅದೇ ತಪ್ಪಾಯಿತು.

ಹಳೆಯ ಗಿರಾಕಿಗೆ ಬೇಜಾರಾದರೆ ಜಗಳವಾಡುವುದು ಅಪರೂಪ. ದುಡ್ಡು ಕೊಡುತ್ತಾರೆ, ನಗುತ್ತಾರೆ, ಹೋಗುತ್ತಾರೆ. ಗೊತ್ತಾಗುವುದು ಆಮೇಲೆ. ನಾಲ್ಕು ವಾರಕ್ಕೊಮ್ಮೆ ಬರುತ್ತಿದ್ದವರು ಐದನೇ ವಾರ ಬರುವುದಿಲ್ಲ, ಆರನೇ ವಾರವೂ ಇಲ್ಲ. ಬಾರದವರನ್ನು ಬಂದವರ ಗದ್ದಲದಲ್ಲಿ ಗುರುತಿಸುವುದು ಕಷ್ಟ. ಗಲ್ಲಾಪೆಟ್ಟಿಗೆಗೆ ಅದು ಕಾಣದು, ಪುಸ್ತಕಕ್ಕೆ ಮಾತ್ರ ಕಾಣುತ್ತದೆ. ಎರಡು ತಿಂಗಳಾದ ಮೇಲೆ ಹಿಂದಿನ ಪುಟಗಳನ್ನು ಮಗುಚಿ ಹಾಕುವಾಗ ಒಂದು ಸಾಲಿನ ಮೇಲೆ ಕಣ್ಣು ನಿಂತಿತು. ಪ್ರತಿ ತಿಂಗಳ ಮೊದಲ ಭಾನುವಾರ, ಹನ್ನೊಂದು ಗಂಟೆ: 'ಟೀಚರ್'. ಹೊಸ ದರ ಬಂದ ಮೇಲೆ ಒಂದು ಸಲ ಮಾತ್ರ ಇತ್ತು. ಆಮೇಲಿನ ತಿಂಗಳಲ್ಲಿ ಆ ಜಾಗದಲ್ಲಿ ಬೇರೆ ಯಾರದೋ ಹೆಸರು.

ಟೀಚರ್ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವವರು. ಹನ್ನೊಂದು ವರ್ಷದಿಂದ ನನ್ನಲ್ಲಿಗೆ ಬರುವವರು. ಕೂದಲಿನ ಬುಡಕ್ಕೆ ಡೈ, ಅದರ ಜೊತೆ ಐಬ್ರೋ, ಒಟ್ಟು 600 ರೂಪಾಯಿ ಅವರ ಕಾಯಂ ಲೆಕ್ಕ. ನನ್ನ ಬಳಿ ಒಂದೇ ಕುರ್ಚಿಯಿದ್ದಾಗ, ಕರೆಂಟು ಹೋಗಿ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದಾಗಲೂ ಬಂದವರು. ತಮ್ಮ ಇಬ್ಬರು ಹೆಣ್ಣುಮಕ್ಕಳ ಮದುವೆಯ ಅಲಂಕಾರಕ್ಕೂ ನನ್ನನ್ನೇ ಕರೆದವರು. ಆ ದಿನ ಅವರಿಗೆ 720 ಎಂದು ಬಿಲ್ ಕೊಟ್ಟವಳು ನಮ್ಮ ಹುಡುಗಿ. ಅವರು ಬಾಗಿಲ ಹಾಳೆಯನ್ನು ಒಮ್ಮೆ ನೋಡಿ, ಪರ್ಸಿನಿಂದ ಇನ್ನೂ ಒಂದು ನೂರರ ನೋಟು, ಇಪ್ಪತ್ತು ರೂಪಾಯಿ ತೆಗೆದು ಮೇಜಿನ ಮೇಲಿಟ್ಟು ಹೋಗಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ ಯಾರದೋ ಫೇಶಿಯಲ್ ಮಾಡುತ್ತ "ಬರ್ತೀರಾ ಟೀಚರ್?" ಎಂದಿದ್ದೆ, ಅಷ್ಟೆ.

ಆ ವಾರವೇ ಅವರು ಬಸ್‌ಸ್ಟಾಪಿನಲ್ಲಿ ಸಿಕ್ಕರು. ಬೈತಲೆಯುದ್ದಕ್ಕೂ ಒಂದು ಬೆರಳಗಲ ಬಿಳಿ ಬಂದಿತ್ತು. ಬೇರೆ ಕಡೆಯೂ ಹೋಗಿಲ್ಲ ಎಂದು ನನಗೆ ನೋಡಿದೊಡನೆ ತಿಳಿಯಿತು. ಸಂಕೋಚಪಡುತ್ತಲೇ ಕೇಳಿದೆ. ಅವರು ಮೊದಲು ಮಾತು ಹಾರಿಸಿದರು. ಆಮೇಲೆ ಹೇಳಿದರು.

"ದುಡ್ಡಿನ ಮಾತಲ್ಲ ಕಣಮ್ಮ. ನೂರಿಪ್ಪತ್ತು ರೂಪಾಯಿಗೆ ನಾನೇನೂ ಬಡವಳಾಗಲ್ಲ. ಆದ್ರೆ ನೀನು ಬೇರೆ ದಿನ ಬನ್ನಿ ಅಂತ ತಾನೆ ಜಾಸ್ತಿ ಮಾಡಿದ್ದು? ನಂಗೆ ಭಾನುವಾರ ಬಿಟ್ರೆ ಇನ್ಯಾವ ದಿನ ಇದೆ ಹೇಳು. ಹನ್ನೊಂದು ವರ್ಷದಿಂದ ಬಂದೋಳಿಗೆ ಬಾಗಿಲಲ್ಲಿ ಚೀಟಿ ಓದಿ ತಿಳ್ಕೊ ಅಂದ ಹಾಗಾಯ್ತು. ಒಂದು ಮಾತು ಮೊದಲೇ ಹೇಳ್ಬಹುದಿತ್ತು."

ಬಸ್ ಬಂತು, ಅವರು ಹತ್ತಿದರು. ನಾನು ಅಂಗಡಿಗೆ ಬಂದವಳೇ ಆ ಹಾಳೆಯನ್ನು ಕಿತ್ತುಹಾಕಿದೆ. ಕಿತ್ತುಹಾಕುವುದೇನೋ ಸುಲಭ. ಆದರೆ ಭಾನುವಾರದ ನೂಕುನುಗ್ಗಲು ಹಾಗೇ ಇತ್ತಲ್ಲ!

ರಾತ್ರಿ ಊಟದ ಹೊತ್ತಿಗೆ ಮಗಳ ಮುಂದೆ ಹೇಳಿಕೊಂಡೆ. ಅವಳು ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದಾಳೆ. ಸಾರಿಗೆ ಒಗ್ಗರಣೆ ಹಾಕಲು ಬರುವುದಿಲ್ಲ, ಆದರೆ ಜಗತ್ತಿನ ಬೆಲೆಗಳ ಬಗ್ಗೆ ಬಾಯಿ ತುಂಬ ಮಾತಾಡುತ್ತಾಳೆ. "ಅಮ್ಮ, ನೀನು ಮಾಡಿದ್ದು ಹಿಮ ಎತ್ತೋ ಸಲಿಕೆ ಕಥೆ" ಎಂದಳು. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು 1986ರಲ್ಲಿ ಒಂದು ಲೇಖನ ಬರೆದರಂತೆ. ಅದಕ್ಕಾಗಿ ಕೆನಡಾದ ಟೊರಾಂಟೊ, ವ್ಯಾಂಕೂವರ್ ಊರುಗಳ ಜನಕ್ಕೆ ಫೋನ್ ಮಾಡಿ ಕೇಳಿದ್ದ ಒಂದು ಪ್ರಶ್ನೆ ಹೀಗಿತ್ತು: ಒಂದು ಅಂಗಡಿಯವನು ಹಿಮ ಎತ್ತುವ ಸಲಿಕೆಯನ್ನು 15 ಡಾಲರಿಗೆ ಮಾರುತ್ತಿದ್ದ. ಒಂದು ರಾತ್ರಿ ಜೋರಾಗಿ ಹಿಮ ಬಿತ್ತು. ಬೆಳಿಗ್ಗೆ ಅವನು ಬೆಲೆಯನ್ನು 20 ಡಾಲರ್ ಮಾಡಿದ. ಇದು ನ್ಯಾಯವೆ? ನೂರಕ್ಕೆ 82 ಮಂದಿ ಅನ್ಯಾಯ ಎಂದರಂತೆ.

"ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಮಳೆ ಬರೋಕೆ ಶುರುವಾದ ಮೇಲೆ ಕೊಡೆ ಬೆಲೆ ಏರಿಸಿದ ಹಾಗೆ" ಎಂದಳು. "ಆದ್ರೆ ಅದೇ ಜನ, ಅಂಗಡಿಯವನಿಗೆ ನಿಜವಾಗಿ ಖರ್ಚು ಜಾಸ್ತಿಯಾಗಿ ಬೆಲೆ ಏರಿಸಿದ್ರೆ ಒಪ್ಕೋತಾರೆ. ಈಗ ಹೇಳು, ಭಾನುವಾರ ನಿಂಗೆ ಖರ್ಚು ಎಷ್ಟು ಜಾಸ್ತಿ?"

ನಾನು ಅದನ್ನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಕೂತು ಹಾಕಿದೆವು. ಶನಿವಾರ, ಭಾನುವಾರ ಕೈಸಹಾಯಕ್ಕೆ ಇನ್ನೊಬ್ಬ ಹುಡುಗಿ ಬರುತ್ತಾಳೆ. ದಿನಕ್ಕೆ 700ರಂತೆ ಎರಡು ದಿನಕ್ಕೆ 1,400. ಆ ಎರಡು ದಿನ ರಾತ್ರಿ ಎಂಟೂವರೆಯಾಗುವುದರಿಂದ ಹುಡುಗಿಯರನ್ನು ಆಟೋದಲ್ಲಿ ಮನೆಗೆ ಕಳಿಸುತ್ತೇನೆ. ದಿನಕ್ಕೆ 150ರಂತೆ 300. ವಾರಕ್ಕೆ 1,700, ನಾಲ್ಕು ವಾರಕ್ಕೆ 6,800. ಅದನ್ನು 231 ಮಂದಿಗೆ ಹಂಚಿದರೆ ತಲೆಗೆ ಮೂವತ್ತು ರೂಪಾಯಿಯೂ ಬರಲಿಲ್ಲ.

"ಬಿಲ್ ಸರಾಸರಿ ಎಷ್ಟಾಗತ್ತೆ?"

"ಮುನ್ನೂರೈವತ್ತು."

"ಅದರ ಇಪ್ಪತ್ತು ಪರ್ಸೆಂಟ್ ಎಪ್ಪತ್ತು. ಖರ್ಚು ಮೂವತ್ತು, ತಗೊಂಡಿದ್ದು ಎಪ್ಪತ್ತು. ಟೀಚರ್ ಹತ್ರ ನೂರಿಪ್ಪತ್ತು. ನೋಡಮ್ಮ, ಅವರಿಗೆ ಈ ಲೆಕ್ಕ ಗೊತ್ತಿಲ್ದಿದ್ರೂ ವಾಸನೆ ಹೊಡೀತು."

ಆಗ ನನಗೆ ನೆನಪಾದದ್ದು ಆಟೋ. ಬೆಂಗಳೂರಿಗೆ ತಂಗಿಯ ಮನೆಗೆ ಹೋದಾಗ ಮೆಜೆಸ್ಟಿಕ್‌ನಲ್ಲಿ ಇಳಿಯುವುದು ಎಷ್ಟೋ ಸಲ ರಾತ್ರಿ ಹತ್ತರ ಮೇಲೆ. ಹತ್ತರಿಂದ ಬೆಳಿಗ್ಗೆ ಐದರವರೆಗೆ ಮೀಟರಿನ ಮೇಲೆ ಒಂದೂವರೆ ಪಟ್ಟು. "ಒನ್ ಅಂಡ್ ಹಾಫ್ ಮೇಡಂ" ಎಂದರೆ ನಾನು ಮರುಮಾತಾಡದೆ ಕೊಡುತ್ತೇನೆ. ಅದೇ ಹಗಲು ಹೊತ್ತು ಮಳೆ ಬಂದಾಗ "ಡಬಲ್ ಕೊಡಿ" ಎಂದರೆ ಮೈ ಉರಿಯುತ್ತದೆ. ಎರಡೂ ಹೆಚ್ಚಿನ ದುಡ್ಡೇ. ಒಂದನ್ನು ಏಕೆ ಒಪ್ಪುತ್ತೇನೆ, ಇನ್ನೊಂದನ್ನು ಏಕಿಲ್ಲ? ರಾತ್ರಿಯ ದರ ನಾನು ಆಟೋ ಹತ್ತುವ ಮೊದಲೇ ನನಗೆ ಗೊತ್ತು. ಅದು ಎಲ್ಲರಿಗೂ ಒಂದೇ. ಡ್ರೈವರ್ ನಿದ್ದೆಗೆಟ್ಟಿದ್ದಾನೆ ಎಂಬ ಕಾರಣವೂ ಕಣ್ಣಿಗೆ ಕಾಣುತ್ತದೆ. ಮಳೆಯ ದರದಲ್ಲಿ ಇದೊಂದೂ ಇಲ್ಲ, ನಾನು ನೆನೆಯುತ್ತಿದ್ದೇನೆ ಎಂಬುದಷ್ಟೇ ಅದರ ಕಾರಣ. ನನ್ನ ಬಾಗಿಲ ಹಾಳೆ ಟೀಚರ್ ಪಾಲಿಗೆ ಮಳೆಯ ಆಟೋ ಆಗಿತ್ತು.

ಸರಿ, ಹೊಸದಾಗಿ ಯೋಚಿಸಲು ಕೂತೆವು. ಹೇಗೂ ವರ್ಷಕ್ಕೊಮ್ಮೆ ದರ ಏರಿಸುವುದಿತ್ತು. ವ್ಯಾಕ್ಸು, ಕ್ರೀಮು, ಬಾಡಿಗೆ ಎಲ್ಲ ಏರಿತ್ತು. ಎರಡು ವರ್ಷದಿಂದ ನಾನು ಮುಟ್ಟಿರಲಿಲ್ಲ. ಆದ್ದರಿಂದ ಫೇಶಿಯಲ್, ಹೇರ್ ಕಟ್, ಡೈ, ಸ್ಪಾ ಇಂಥ ಹೊತ್ತು ಹಿಡಿಯುವ ಕೆಲಸಗಳಿಗೆ ನೂರಕ್ಕೆ ಹತ್ತರಷ್ಟು ಏರಿಸಿ ಅದನ್ನೇ ಅಂಗಡಿಯ ದರ ಎಂದಿಟ್ಟೆ. ಫೇಶಿಯಲ್ 880 ಆಯಿತು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಬರುವವರಿಗೆ 'ಹಗಲು ದರ' 750. ಅಂದರೆ ಹಗಲು ಬರುವವರಿಗೆ ಮೊದಲಿಗಿಂತ ಐವತ್ತು ಕಡಿಮೆ, ಸಂಜೆ ಅಥವಾ ವಾರದ ಕೊನೆಗೆ ಬರುವವರಿಗೆ ಎಂಬತ್ತು ಹೆಚ್ಚು.

"ಇದೂ ಒಂದು ಕಣ್ಕಟ್ಟೇ ಅಲ್ವಾ?" ಎಂದು ನಾನೇ ಕೇಳಿದೆ. ಏರಿಸಿದೆ ಎನ್ನುವ ಬದಲು ಇಳಿಸಿದೆ ಎನ್ನುವುದು ಬರೀ ಮಾತಿನ ಚಮತ್ಕಾರ ಆಗಬಾರದಲ್ಲ. ಮಗಳು ಯೋಚಿಸಿ ಹೇಳಿದಳು: "ಹಗಲು ದರ ಹಳೇ ದರಕ್ಕಿಂತ ನಿಜವಾಗಿ ಕಡಿಮೆ ಇದ್ರೆ ಕಣ್ಕಟ್ಟಲ್ಲ. ಸಾವಿರಕ್ಕೆ ಏರ್ಸಿ, ಆಮೇಲೆ ಎಂಟುನೂರಕ್ಕೆ ಡಿಸ್ಕೌಂಟ್ ಅಂದ್ರೆ ಕಣ್ಕಟ್ಟು. ಹಳಬರಿಗೆ ಹಳೇ ದರ ಬಾಯಿಪಾಠ ಇರತ್ತೆ."

ಹಗಲಿನವರಿಗೆ ಇಳಿಸಿದರೆ ನನಗೆ ನಷ್ಟವಾಗದೆ? ವಾರದ ದಿನ ದೊಡ್ಡ ಕೆಲಸಕ್ಕೆ ಬರುತ್ತಿದ್ದವರು ತಿಂಗಳಿಗೆ ಸುಮಾರು ಅರವತ್ತು ಮಂದಿ. ತಲೆಗೆ ಐವತ್ತರಂತೆ 3,000 ಕೈಬಿಡುತ್ತದೆ. ಒಂದು ಫೇಶಿಯಲ್‌ನ ಸಾಮಾನಿಗೆ ಇನ್ನೂರು ಕಳೆದರೆ 750ರಲ್ಲಿ 550 ಉಳಿಯುತ್ತದೆ. ಹೇಗೂ ಖಾಲಿ ಕೂತಿರುವ ಹುಡುಗಿಯರಿಗೆ ಬೇರೆ ಸಂಬಳ ಕೊಡಬೇಕಿಲ್ಲ. ಹಾಗಾಗಿ ತಿಂಗಳಿಗೆ ಆರು ಮಂದಿ ಹೊಸದಾಗಿ ಹಗಲು ಬಂದರೂ ಸರಿದೂಗುತ್ತದೆ. ಆರು ಮಂದಿ ಬಂದೇ ಬರುತ್ತಾರೆ ಎಂಬ ಧೈರ್ಯ ನನಗಿತ್ತು.

ಐಬ್ರೋಗೆ ಮಾತ್ರ ಕೈ ಹಚ್ಚಲಿಲ್ಲ. ಯಾವ ದಿನವಾದರೂ ಐವತ್ತೇ. ನಮ್ಮ ಕಸುಬಿನಲ್ಲಿ ಐಬ್ರೋ ದರ ಎಲ್ಲರ ನಾಲಿಗೆಯ ಮೇಲಿರುತ್ತದೆ. ತರಕಾರಿಗೆ ಟೊಮೆಟೊ ಇದ್ದ ಹಾಗೆ. ಹೇರ್ ಸ್ಪಾಗೆ ಪಕ್ಕದ ಪಾರ್ಲರಿನಲ್ಲಿ ಎಷ್ಟೆಂದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಐಬ್ರೋಗೆ ಎಷ್ಟೆಂದು ಕಾಲೇಜು ಹುಡುಗಿಯಿಂದ ಅಜ್ಜಿಯವರೆಗೆ ಗೊತ್ತು. ಹತ್ತು ನಿಮಿಷದ ಕೆಲಸಕ್ಕೆ ಹತ್ತು ರೂಪಾಯಿ ಹೆಚ್ಚು ತೆಗೆದುಕೊಂಡು 'ದುಬಾರಿ ಪಾರ್ಲರ್' ಎಂಬ ಹೆಸರು ಪಡೆಯುವುದು ಯಾವ ಜಾಣತನ?

ಇನ್ನು ಉಳಿದದ್ದು ಟೀಚರ್ ಪ್ರಶ್ನೆ. ಭಾನುವಾರ ಬಿಟ್ಟು ಬೇರೆ ದಿನವಿಲ್ಲದವರು ಏನು ಮಾಡಬೇಕು? ಮನೆಯಲ್ಲಿರುವವರು, ನಿವೃತ್ತರಾದವರು ಹಗಲಿಗೆ ಬದಲಾಯಿಸಿಕೊಳ್ಳಬಹುದು. ಬ್ಯಾಂಕಿನವರು, ಶಾಲೆಯವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಬದಲಾಯಿಸಿಕೊಳ್ಳಲಾರರು. ಬದಲಾಯಿಸಿಕೊಳ್ಳಲಾಗದವರ ಮೇಲೆ ಹೆಚ್ಚಿನ ದರ ಹಾಕಿದರೆ ನೂಕುನುಗ್ಗಲು ಕಡಿಮೆಯಾಗುವುದಿಲ್ಲ, ಅವರಿಗೆ ದಂಡ ಹಾಕಿದ ಹಾಗಾಗುತ್ತದೆ.

ಹಾಗೆಂದು "ಹಳಬರಿಗೆ ಹಳೇ ದರ" ಎಂದು ಕಿವಿಯಲ್ಲಿ ಹೇಳುವುದೂ ಸಾಧ್ಯವಿಲ್ಲ. ಪಾರ್ಲರಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಪಕ್ಕಪಕ್ಕದ ಕುರ್ಚಿಯಲ್ಲಿ ಕೂತವರು ಸೊಸೆಯ ವಿಷಯವನ್ನೇ ಹಂಚಿಕೊಳ್ಳುತ್ತಾರೆ, ಬಿಲ್ಲಿನ ವಿಷಯ ಬಿಡುತ್ತಾರೆಯೆ? ಅದಕ್ಕೆ ನಾನೊಂದು ಕಟ್ಟಳೆ ಮಾಡಿಕೊಂಡೆ: ಒಬ್ಬರಿಗೆ ಕಡಿಮೆ ತೆಗೆದುಕೊಂಡರೆ ಅದರ ಕಾರಣವನ್ನು ಪಕ್ಕದ ಕುರ್ಚಿಯವರಿಗೂ ಕೇಳುವಂತೆ ಜೋರಾಗಿ ಹೇಳಲು ಬರಬೇಕು. ಹೇಳಲು ನಾಚಿಕೆಯಾದರೆ ಆ ದರ ಸರಿಯಿಲ್ಲ.

ಜೋರಾಗಿ ಹೇಳಬಹುದಾದ ಕಾರಣವೊಂದು ಪುಸ್ತಕದಲ್ಲೇ ಸಿಕ್ಕಿತು. ಭಾನುವಾರದ ನನ್ನ ತಲೆನೋವು ಜನ ಹೆಚ್ಚಾದದ್ದು ಮಾತ್ರ ಅಲ್ಲ. ಫೋನಿನಲ್ಲಿ ಹೇಳಿ ಬಾರದವರು, ಹೇಳದೆ ಬಂದವರು, ಹನ್ನೊಂದಕ್ಕೆಂದು ಹನ್ನೆರಡಕ್ಕೆ ಬಂದವರು, ಇವರಿಂದ ಕುರ್ಚಿ ಒಮ್ಮೆ ಖಾಲಿ, ಒಮ್ಮೆ ಜಗಳ. ಟೀಚರ್ ಥರದವರು ಹನ್ನೊಂದು ವರ್ಷದಿಂದ ಒಂದೇ ದಿನ, ಒಂದೇ ಹೊತ್ತಿಗೆ ಬರುತ್ತಾರೆ. ಅವರ ಅರ್ಧ ಗಂಟೆ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ನನಗೆ ತಿಂಗಳ ಮೊದಲೇ ಗೊತ್ತು. ಅಷ್ಟರಮಟ್ಟಿಗೆ ಅವರು ನನ್ನ ಖರ್ಚನ್ನು ಇಳಿಸುತ್ತಿದ್ದಾರೆ. ಹಾಗಾದರೆ ಅದಕ್ಕೆ ಬೆಲೆ ಕೊಡಬೇಕು.

ಹೀಗೆ ಹುಟ್ಟಿದ್ದು 'ಕಾಯಂ ಹೊತ್ತು'. ನಾಲ್ಕು ವಾರಕ್ಕೊಮ್ಮೆ ಇದೇ ದಿನ, ಇದೇ ಗಂಟೆ ಎಂದು ಹೆಸರು ಬರೆಸಿದವರಿಗೆ ಭಾನುವಾರವಾದರೂ, ಸಂಜೆಯಾದರೂ ಹಳೆಯ ದರವೇ. ಬರಲಾಗದಿದ್ದರೆ ಆ ವಾರದ ಗುರುವಾರದೊಳಗೆ ತಿಳಿಸಬೇಕು. ಎರಡು ಸಲ ತಿಳಿಸದೆ ತಪ್ಪಿಸಿದರೆ ಹೊತ್ತು ಬೇರೆಯವರಿಗೆ. ಹಳಬರೇ ಆಗಬೇಕೆಂದಿಲ್ಲ, ನಿನ್ನೆ ಬಂದವರೂ ಬರೆಸಬಹುದು. ಆದರೆ ಶನಿವಾರ, ಭಾನುವಾರದ ಹೊತ್ತಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಾಯಂ ಕೊಡುವುದಿಲ್ಲ. ಎಲ್ಲವನ್ನೂ ಕೊಟ್ಟುಬಿಟ್ಟರೆ ನಾಳೆ ಹೆಣ್ಣು ನೋಡಲು ಬರುತ್ತಾರೆಂದು ಓಡಿಬರುವ ಹುಡುಗಿಗೆ ಕುರ್ಚಿಯೆಲ್ಲಿ?

ಈ ಸಲ ಬಾಗಿಲಿಗೆ ಹಾಳೆ ಅಂಟಿಸುವ ಮೊದಲು ಫೋನು ಹಿಡಿದೆ. ಹಿಂದಿನ ಒಂದು ವರ್ಷದಲ್ಲಿ ಆರು ಸಲವಾದರೂ ಬಂದವರನ್ನು ಪುಸ್ತಕದಿಂದ ಹೆಕ್ಕಿದೆ. 64 ಹೆಸರು ಸಿಕ್ಕವು. ಹೊಸ ದರಕ್ಕೆ ನಾಲ್ಕು ವಾರವಿರುವಾಗ ಒಬ್ಬೊಬ್ಬರಿಗೂ ನಾನೇ ಮಾತಾಡಿದೆ. ಹುಡುಗಿಯರ ಕೈಲಿ ಮಾಡಿಸಲಿಲ್ಲ. "ಭಾನುವಾರ ಇನ್ನೊಬ್ಬಳು ಹುಡುಗಿ ಬೇಕು, ರಾತ್ರಿ ಇವರನ್ನ ಆಟೋದಲ್ಲಿ ಕಳಿಸಬೇಕು, ಅದಕ್ಕೆ ಇಷ್ಟು. ನಿಮಗೆ ಹಗಲು ಬರೋಕಾದ್ರೆ ಮೊದಲಿಗಿಂತ ಕಡಿಮೆ. ಆಗದಿದ್ರೆ ಕಾಯಂ ಹೊತ್ತು ಬರೆಸಿ" ಎಂದೆ. ಎಲ್ಲರೂ ಕೇಳಿದ ಮೊದಲ ಪ್ರಶ್ನೆ "ಎಷ್ಟು?" ಎಂದೇನಲ್ಲ. ಹೆಚ್ಚಿನವರು "ಹುಡುಗೀರು ಅಷ್ಟೊತ್ತಿನ ತನಕ ಇರ್ತಾರಾ?" ಎಂದರು.

ಟೀಚರಿಗೆ ಫೋನ್ ಮಾಡಲಿಲ್ಲ, ಮನೆಗೇ ಹೋದೆ. ಕಾಫಿ ಕೊಟ್ಟರು. ಎಲ್ಲ ಕೇಳಿಕೊಂಡು, ಮಕ್ಕಳ ಉತ್ತರಪತ್ರಿಕೆ ನೋಡುವ ಹಾಗೆ ನನ್ನ ಚೀಟಿಯ ಮೇಲೆ ಕಣ್ಣಾಡಿಸಿ, "ಇಲ್ಲೊಂದು ಬಿಟ್ಟಿದೀಯ. ಪರೀಕ್ಷೆ ತಿಂಗಳಲ್ಲಿ ನಂಗೆ ಭಾನುವಾರನೂ ಡ್ಯೂಟಿ ಬೀಳತ್ತೆ" ಎಂದರು. ಅದಕ್ಕೆ 'ವರ್ಷಕ್ಕೆರಡು ಸಲ ಮುಂದೂಡಬಹುದು' ಎಂದು ಸೇರಿಸಿದೆ.

ಶುರುವಾದ ಮೇಲೆ ಎಡವಟ್ಟುಗಳೂ ಆದವು. ಒಂದು ಗುರುವಾರ ಮೂರೂವರೆಗೆ ಬರೆಸಿದ್ದ ಹೆಂಗಸನ್ನು ಕೆಲಸ ತಡವಾಗಿ ನಾಲ್ಕೂಕಾಲಿಗೆ ಕೂರಿಸಿದೆವು. ನಮ್ಮ ಹುಡುಗಿ ಗಡಿಯಾರ ನೋಡಿ ಸಂಜೆಯ ದರ ಹಾಕಿದಳು. "ತಡ ಮಾಡಿದ್ದು ನೀವು, ದುಡ್ಡು ಕೊಡೋದು ನಾನಾ?" ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಅಂದಿನಿಂದ ಬರೆಸಿದ ಹೊತ್ತಿಗೇ ದರ, ಕೂರಿಸಿದ ಹೊತ್ತಿಗಲ್ಲ ಎಂದಾಯಿತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗೆಳತಿ ಫೋನ್ ಮಾಡಿ "ಇವತ್ತು ಇನ್ನೂ ಏರ್ಸು, ಯಾರೂ ಬೇಡ ಅನ್ನಲ್ಲ" ಎಂದಳು. ಅವಳ ಮಾತು ನಿಜ, ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಅದು ಮತ್ತೆ ಮಳೆಯ ಆಟೋ. ಬೋರ್ಡಿನಲ್ಲಿರುವುದನ್ನೇ ತೆಗೆದುಕೊಂಡೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ತಂದವಳು ನನ್ನ ನಾದಿನಿ. ಶನಿವಾರ ಸಂಜೆ ಆರು ಗಂಟೆಯ ಒಳ್ಳೆಯ ಹೊತ್ತನ್ನು ಕಾಯಂ ಬರೆಸಿಕೊಂಡು, ಎರಡು ಸಲ ಹೇಳದೆ ಕೈಕೊಟ್ಟಳು. ಹೊತ್ತು ತೆಗೆದರೆ ಮನೆಯಲ್ಲಿ ಮುಖ ಊದಿಸಿಕೊಳ್ಳುತ್ತಾಳೆ, ತೆಗೆಯದಿದ್ದರೆ ಪಕ್ಕದ ಕುರ್ಚಿಗೆ ಏನು ಹೇಳಲಿ? ತೆಗೆದೆ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋದಾಗಲೂ ಅವಳು ಅರ್ಧ ನಕ್ಕಳಷ್ಟೆ. ಈಗ ಸರಿಹೋಗಿದ್ದಾಳೆ. ಗುರುವಾರ ಹಗಲು ಬರುತ್ತಾಳೆ, 750 ಕೊಡುತ್ತಾಳೆ.

ಆರು ತಿಂಗಳಾದ ಮೇಲೆ ಮತ್ತೆ ನಾಲ್ಕು ವಾರದ ಪುಟ ಎಣಿಸಿದೆ. 'ಇಲ್ಲ' ಎಂದು ಬರೆದವರು 37ರಿಂದ 16ಕ್ಕೆ ಇಳಿದಿದ್ದರು. ಸೋಮ, ಬುಧ, ಗುರು, ಶುಕ್ರ ದಿನಕ್ಕೆ ಹತ್ತು ಮಂದಿ ಬರುತ್ತಿದ್ದಲ್ಲಿ ಹದಿಮೂರು. ಹಾಗೆ ಬದಲಾದವರಲ್ಲಿ ಹೆಚ್ಚಿನವರು ಮಕ್ಕಳನ್ನು ಶಾಲೆಗೆ ಕಳಿಸಿ ಹತ್ತೂವರೆಗೆ ಬಂದು, ಮಕ್ಕಳು ಮನೆಗೆ ಬರುವ ಮೊದಲು ಎದ್ದು ಹೋಗುವ ತಾಯಂದಿರು. ಮಂಗಳವಾರ ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. ಮೊದಲು ನಾಲ್ಕು ಮಂಗಳವಾರಕ್ಕೆ 22, ಈಗ 23. ದುಡ್ಡು ಅಡ್ಡಿಯಾಗಿದ್ದರೆ ದರ ಇಳಿಸಿದಾಗ ಜನ ಬರುತ್ತಾರೆ. ಇಲ್ಲಿ ಅಡ್ಡಿಯಾಗಿದ್ದದ್ದು ಅಜ್ಜಿ ಹೇಳಿಕೊಟ್ಟ ಮಾತು. ನಾನು ಸೋತು, ಮಂಗಳವಾರವನ್ನೇ ಹುಡುಗಿಯರಿಗೆ ವಾರದ ರಜೆ ಮಾಡಿದೆ. ಭಾನುವಾರ ದುಡಿಯುವವರಿಗೆ ಅದು ಸಲ್ಲಬೇಕಾದ್ದೇ.

ಮೊದಲ ಹಾಳೆಯ ದೆಸೆಯಿಂದ ದೂರವಾದ ಹಳಬರು ಐವರು. ಮೂವರು ವಾಪಸು ಬಂದರು. ಇಬ್ಬರು ಬರಲೇ ಇಲ್ಲ. ಅವರ ಸಾಲುಗಳು ಪುಸ್ತಕದಲ್ಲಿ ಹಾಗೇ ಖಾಲಿ ಇವೆ.

ಹೋದ ತಿಂಗಳ ಮೊದಲ ಭಾನುವಾರ, ಹನ್ನೊಂದು ಗಂಟೆ. ಟೀಚರ್ ತಮ್ಮ ಕುರ್ಚಿಯಲ್ಲಿ ಡೈ ಹಚ್ಚಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಫೇಶಿಯಲ್‌ಗೆ ಬಂದಿದ್ದ ಹೊಸ ಹುಡುಗಿ. ಟೀಚರ್ ಬಿಲ್ಲಿನಲ್ಲಿ 600 ಎಂದು ನೋಡಿ, ಗೋಡೆಯ ಬೋರ್ಡಿನತ್ತ ತಿರುಗಿ, "ಅಕ್ಕ, ಅವರಿಗ್ಯಾಕೆ ಕಡಿಮೆ?" ಎಂದು ಕೇಳಿಯೇಬಿಟ್ಟಳು. ನಾನು ಕೈ ಒರೆಸಿಕೊಂಡು ಉತ್ತರ ಹೇಳುವಷ್ಟರಲ್ಲಿ ಟೀಚರೇ ಶುರು ಮಾಡಿದರು.

"ಕಡಿಮೆ ಅಲ್ಲ ಮಗು. ನಾನು ಪ್ರತಿ ತಿಂಗಳು ಇದೇ ಹೊತ್ತಿಗೆ ಬರ್ತೀನಿ ಅಂತ ಮಾತು ಕೊಟ್ಟಿದೀನಿ. ಬರಲಿಲ್ಲ ಅಂದ್ರೆ ಗುರುವಾರನೇ ಹೇಳ್ಬೇಕು. ಎರಡು ಸಲ ತಪ್ಪಿಸಿದ್ರೆ ನನ್ನನ್ನೂ ಬಿಡಲ್ಲ ಇವಳು, ನಾದಿನೀನೇ ಬಿಟ್ಟಿಲ್ಲ. ಬೇಕಾದ್ರೆ ನೀನೂ ಬರೆಸ್ಕೊ."

ಹುಡುಗಿ ಸ್ವಲ್ಪ ಯೋಚಿಸಿದಳು. "ನಂಗೆ ಶಿಫ್ಟ್ ಕೆಲಸ ಆಂಟಿ, ಮುಂದಿನ ತಿಂಗಳು ಯಾವ ಭಾನುವಾರ ರಜಾ ಅಂತ ನಂಗೇ ಗೊತ್ತಿಲ್ಲ" ಎಂದಳು. 880 ಕೊಟ್ಟು, "ಬುಧವಾರ ಹಗಲು ರಜಾ ಬಿದ್ರೆ ಫೋನ್ ಮಾಡ್ತೀನಕ್ಕ" ಎಂದು ಹೋದಳು.

ನಾನು ಪುಸ್ತಕ ತೆಗೆದು ಮುಂದಿನ ತಿಂಗಳ ಮೊದಲ ಭಾನುವಾರದ ಪುಟದಲ್ಲಿ ಹನ್ನೊಂದು ಗಂಟೆಯ ಎದುರಿಗೆ 'ಟೀಚರ್' ಎಂದು ಬರೆದೆ. ಅವರು ಕನ್ನಡಿಯಲ್ಲಿ ಅದನ್ನು ನೋಡಿ, "ಅಕ್ಷರ ಸ್ವಲ್ಪ ದುಂಡಗೆ ಬರಿ" ಎಂದರು.